ಮೆಸೇಜಿಗೆ ಬೀಗ ಇದೆ, ಸರಿ. ಆದ್ರೂ ಕಂಪನಿಗೆ ಏನೇನು ಕಾಣುತ್ತೆ?

ಬೆಣ್ಣೆದೋಸೆ_ಮನೆ

ಎಲ್ಲರಿಗೂ ನಮಸ್ಕಾರ. ಆ್ಯಪ್‌ಗಳ ಹೆಸರು ಹೇಳೋಲ್ಲ, ಜಗಳ ಬೇಡ. ಮೂರು ವಾರದಿಂದ ಒಬ್ಬರು ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಪಾಯಿಂಟ್‌ಮೆಂಟ್, ಮಾತು ಎಲ್ಲಾ ಮೆಸೇಜಿಂಗ್ ಆ್ಯಪ್‌ನಲ್ಲೇ. ಚಾಟ್ ತೆರೆದ ಕೂಡಲೇ ಮೇಲೆ ಬೀಗದ ಚಿತ್ರ ಹಾಕಿ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಅಂತ ಬರೆದಿರುತ್ತಲ್ಲ, ಅದನ್ನು ನಂಬಿಕೊಂಡೇ ಅಲ್ಲಿ ಬರೆದೆ.

ಮೊನ್ನೆ ಫೋಟೋ ಹಾಕುವ ಇನ್ನೊಂದು ಆ್ಯಪ್ ತೆರೆದರೆ, ನಿಮಗೆ ಗೊತ್ತಿರಬಹುದಾದವರು ಅನ್ನೋ ಸಾಲಿನಲ್ಲಿ ಮೊದಲನೇ ಮುಖವೇ ಅವರದು! ಎದೆ ಧಸಕ್ ಅಂತು. ನಾನು ಅವರ ಹೆಸರನ್ನು ಅಲ್ಲಿ ಹುಡುಕಿಲ್ಲ. ಇಬ್ಬರಿಗೂ ಪರಿಚಯದವರು ಅಂತ ಒಬ್ಬರೂ ಇಲ್ಲ. ಹಾಗಾದ್ರೆ ಮೆಸೇಜ್ ಯಾರೋ ಓದಿದ್ದಾರೆ ಅಂತ ತಾನೇ? ಓದೋಕೆ ಆಗಲ್ಲ ಅಂತಾದ್ರೆ ಅವರಿಗೆ ಏನು ಕಾಣುತ್ತೆ? ನಾಳೆ ನಾದಿನಿ ಫೋನಲ್ಲೂ ಅವರ ಮುಖ ಬಂದ್ರೆ ನಾನೇನು ಹೇಳಲಿ?

ಕೋಡುಬಳೆ_404

ಎಲ್ಲಾ ಓದ್ತಾರೆ ಅಕ್ಕ. ಬೀಗ ಗೀಗ ಎಲ್ಲಾ ಸುಮ್ನೆ. ಮೈಕ್ ಕೂಡ ಕೇಳಿಸಿಕೊಳ್ತಾರೆ. ನಾನು ಕುಕ್ಕರ್ ಬಗ್ಗೆ ಮಾತಾಡಿದ್ದೇ ತಡ, ಕುಕ್ಕರ್ ಜಾಹೀರಾತು ಬಂತು.

ಸರ್ವರ್_ಸುಬ್ಬಣ್ಣ

ಕೋಡುಬಳೆ, ಕುಕ್ಕರ್ ಪಕ್ಕಕ್ಕಿಡಿ ಗುರು.

ಮೇಡಂ, ನಿಮ್ಮ ಮೆಸೇಜನ್ನು ಯಾರೂ ಓದಿರೋದಿಲ್ಲ. ಓದುವ ಅಗತ್ಯವೇ ಬಂದಿಲ್ಲ ಅಂತ ನನ್ನ ಲೆಕ್ಕ. ನಾನು ಹಿಂದೆ ಒಂದು ಕಂಪನಿಯ ಒಳಗಿನ ಚಾಟ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಈ ಅಡ್ಡಹೆಸರು. ಕೌನ್ಸೆಲರ್ ನಂಬರನ್ನು ನಿಮ್ಮ ಫೋನಲ್ಲಿ ಸೇವ್ ಮಾಡಿದ್ರಾ? ಆ ಫೋಟೋ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ನೋಡೋಕೆ ಅನುಮತಿ ಇದೆಯಾ? ಮೊದಲು ಇವೆರಡು ಹೇಳಿ. ಇದ್ದರೆ ಅಲ್ಲಿಗೆ ಮುಗೀತು. ನಿಮ್ಮ ಫೋನಿನ ನಂಬರ್ ಪಟ್ಟಿ ಅವರ ಸರ್ವರ್‌ಗೆ ಹೋಗಿದೆ, ಅವರ ಖಾತೆ ಅದೇ ನಂಬರಿನಲ್ಲಿದೆ, ಎರಡೂ ಹೊಂದಿಕೊಂಡಿವೆ.

ಇನ್ನೊಂದು, ನಿಮ್ಮ ಕಡೆಯಿಂದಲೇ ಹೋಗಿರಬೇಕು ಅಂತೇನೂ ಇಲ್ಲ. ಅವರ ಫೋನಲ್ಲಿ ನಿಮ್ಮ ನಂಬರ್ ಸೇವ್ ಆಗಿ, ಅವರು ಅನುಮತಿ ಕೊಟ್ಟಿದ್ದರೂ ಸಾಕು. ನೀವೆಷ್ಟೇ ಹುಷಾರಾಗಿದ್ರೂ ಎದುರಿನವರ ಫೋನ್ ನಿಮ್ಮ ಕೈಲಿಲ್ಲವಲ್ಲ.

ಬೆಣ್ಣೆದೋಸೆ_ಮನೆ

ನಂಬರ್ ಸೇವ್ ಮಾಡಿದ್ದೆ. "ಟೈಲರ್ ಹೊಸಬರು" ಅಂತ. ಯಾರಾದ್ರೂ ನೋಡಿದ್ರೆ ಅಂತ.

ಸರ್ವರ್_ಸುಬ್ಬಣ್ಣ

ಹೆಸರು ಏನು ಬೇಕಾದ್ರೂ ಇರಲಿ ಮೇಡಂ, ಅದು ಹೊಂದಿಸಿ ನೋಡೋದು ನಂಬರನ್ನು.

ಕೋಡುಬಳೆ_404

ತಡೀರಿ, ಇದು ನಂಗೆ ಗೊತ್ತು. ಕಾಂಟ್ಯಾಕ್ಟ್ಸ್ ಹಾಗೇ ಹೋಗಲ್ಲ, ಹ್ಯಾಶ್ ಮಾಡಿ, ಅಂದ್ರೆ ನಂಬರನ್ನು ಗುರುತು ಸಿಗದ ಸಂಕೇತವಾಗಿ ಬದಲಿಸಿ ಕಳಿಸ್ತಾರೆ. ಹ್ಯಾಶ್‌ನಿಂದ ನಂಬರ್ ವಾಪಸ್ ತೆಗೆಯೋಕೆ ಆಗಲ್ಲ. ಹಾಗಾಗಿ ಅದು ಸೇಫ್.

ಸರ್ವರ್_ಸುಬ್ಬಣ್ಣ

ಈ ಸಲ ಅರ್ಧ ಸರಿ. ಹ್ಯಾಶನ್ನು ಹಿಂದಕ್ಕೆ ತಿರುಗಿಸೋಕೆ ಆಗಲ್ಲ ಅನ್ನೋದು ನಿಜ. ಆದ್ರೆ ತಿರುಗಿಸೋ ಅಗತ್ಯ ಯಾರಿಗಿದೆ? ನಮ್ಮ ಮೊಬೈಲ್ ನಂಬರ್‌ಗೆ ಹತ್ತು ಅಂಕಿ, ಮೊದಲನೆಯದು 6, 7, 8 ಇಲ್ಲಾ 9. ಅಂದ್ರೆ ಒಟ್ಟು ಇರಬಹುದಾದ ನಂಬರ್ 400 ಕೋಟಿ. ನಮಗೆ ದೊಡ್ಡದು, ಯಂತ್ರಕ್ಕೆ ಅಲ್ಲ. ಎಲ್ಲಾ ನಂಬರಿನ ಹ್ಯಾಶ್ ಮೊದಲೇ ಮಾಡಿಟ್ಟುಕೊಂಡು ಬಂದಿದ್ದನ್ನು ಹೋಲಿಸಿ ನೋಡಿದ್ರಾಯ್ತು. ಆಟ ಆಡೋ ಕಂಪ್ಯೂಟರ್ ಒಂದಿದ್ರೆ ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತೆ.

ಬರ್ಲಿನ್_ಭಟ್ಟ

ಇದಕ್ಕೇ ಹತ್ತು ವರ್ಷದಿಂದ ಬಾಯಿ ಬಡ್ಕೋತಿದ್ದೀನಿ, ಎಲ್ಲರೂ ಸಿಗ್ನಲ್ ಆ್ಯಪ್‌ಗೆ ಬನ್ನಿ ಅಂತ. ಯಾರೂ ಕೇಳಲ್ಲ.

ಗಿರ್ಮಿಟ್_ಹುಬ್ಳಿ

ನೀವು ಬಾಯಿ ಬಡ್ಕೊಂಡ್ರ ನಮ್ಮ ಸೋದರತ್ತಿ ಬರ್ತಾರೇನ್ರಿ? ಅವರ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬರೋದು ವಾಟ್ಸಾಪ್‌ನಾಗ.

ಅದಿರಲಿ, ನಾನೊಂದು ಕೆಲಸ ಮಾಡಿದ್ದೆ, ಹೇಳ್ತೀನಿ. ವಾಟ್ಸಾಪ್‌ನಲ್ಲಿ `Settings > Account > Request account info` ಅಂತ ಇದೆ. ಒತ್ತಿದರೆ ಕಂಪನಿ ಹತ್ತಿರ ನಿಮ್ಮ ಖಾತೆ ಬಗ್ಗೆ ಇರೋದನ್ನು ಒಂದು ವರದಿ ಮಾಡಿ ಕೊಡುತ್ತೆ. ಮೂರು ದಿನ ಆಗ್ತದ. ಕುತೂಹಲಕ್ಕೆ ಕೇಳಿದ್ದೆ, ಬಂತು, ಜಿಪ್ ಫೈಲ್.

ಮೆಸೇಜ್ ಒಂದೂ ಇರಲಿಲ್ಲ, ಅದು ಖರೆ. ನನ್ನ ಫೋನ್ ಯಾವುದು, ಆ್ಯಪ್ ಯಾವ ವರ್ಷನ್, ಯಾವ ಐಪಿಯಿಂದ, ಅಂದ್ರ ಯಾವ ಇಂಟರ್‌ನೆಟ್ ವಿಳಾಸದಿಂದ ಬಂದೆ, ಯಾರ್ಯಾರನ್ನು ಬ್ಲಾಕ್ ಮಾಡೀನಿ, ಎಲ್ಲಾ ಇತ್ತು. ಯಾವ ಯಾವ ಗ್ರೂಪ್‌ನಾಗ ಇದ್ದೀನಿ ಅಂತ ಹೆಸರಿನ ಸಮೇತ ಇತ್ತು. ಆಮೇಲೆ ಕಾಂಟ್ಯಾಕ್ಟ್ ನಂಬರಿನ ಪಟ್ಟಿ. ಕೆಳಗೆ ಇಳಿಸ್ತಾ ಹೋದೆ, ಮುಗೀಲೇ ಇಲ್ಲ. ಸಿಲಿಂಡರ್ ತರೋ ಹುಡುಗ, ಹಳೇ ಮನಿ ಮಾಲೀಕ, ತೀರಿಕೊಂಡ ನಮ್ಮ ಕಾಕಾ. ಕಾಕಾನ ನಂಬರ್ ನೋಡಿದಾಗ ಮಾತ್ರ ಸ್ವಲ್ಪ ಹೊತ್ತು ಹಾಗೇ ಕೂತೆ.

ಅಂಚೆ_ಅಣ್ಣಯ್ಯ

ನಾನು ಶಿರಸಿ ಕಡೆಯವ. 31 ವರ್ಷ ಅಂಚೆ ಇಲಾಖೆಯಲ್ಲಿದ್ದು ನಿವೃತ್ತಿ ಆದೆ. ನಿಮ್ಮ ಮಾತು ಕೇಳಿದಾಗ ನನಗೆ ನನ್ನ ಕೆಲಸವೇ ನೆನಪಾಯಿತು.

ಒಂದು ಲಕೋಟೆಯನ್ನೂ ನಾನು ಒಡೆದವನಲ್ಲ. ಆದರೂ ಊರಿನ ಅರ್ಧ ಸುದ್ದಿ ನನಗೆ ಗೊತ್ತಿರುತ್ತಿತ್ತು. ಕಿಟಕಿ ಇರುವ ಬ್ಯಾಂಕಿನ ಲಕೋಟೆ ಒಂದೇ ಮನೆಗೆ ಮೂರು ತಿಂಗಳು ಬಿಡದೆ ಬಂದರೆ ಸಾಲ ಕಟ್ಟಿಲ್ಲ. ಒಂದು ಮನೆಯ ಹುಡುಗಿಗೆ ಒಂದೇ ಊರಿನ ಮುದ್ರೆ ಬಿದ್ದ ಕಾಗದ ವಾರಕ್ಕೆ ಎರಡು ಬರುತ್ತಿತ್ತು. ಅದು ಒಮ್ಮೆ ನಿಂತಿತು. ಆ ವಾರ ಅವಳ ಅಮ್ಮ ಬಾಗಿಲಿಗೆ ಬಂದಾಗ ನಾನು ಏನೂ ಕೇಳಲಿಲ್ಲ, ಆದರೆ ಗೊತ್ತಿತ್ತು. ಒಳಗೆ ಏನು ಬರೆದಿದೆ ಅಂತ ಬೇಕಾಗುವುದೇ ಇಲ್ಲ.

ಅಂದ ಹಾಗೆ, ನೀಲಿ ಟಿಕ್ ಆಫ್ ಮಾಡಿದರೆ ಈ ಕಂಪನಿಗಳಿಗೆ ಕಾಣುವುದು ನಿಲ್ಲುತ್ತದೆಯೇ? ಮೊಮ್ಮಗ ಆಫ್ ಮಾಡಿಕೊಟ್ಟಿದ್ದಾನೆ.

ಸರ್ವರ್_ಸುಬ್ಬಣ್ಣ

ಅಣ್ಣಯ್ಯ ಸಾರ್, ನೀಲಿ ಟಿಕ್ ಆಫ್ ಮಾಡಿದ್ರೆ ಎದುರಿನವರಿಗೆ ಮಾತ್ರ ಕಾಣಲ್ಲ. ಬೂದು ಬಣ್ಣದ ಎರಡು ಟಿಕ್ ನಿಲ್ಲಿಸೋಕೆ ಆಗೋದಿಲ್ಲ. ಮೆಸೇಜ್ ತಲುಪ್ತು ಅಂತ ನಿಮ್ಮ ಫೋನ್ ಸರ್ವರ್‌ಗೆ ಹೇಳಲೇಬೇಕು. ಇಲ್ಲದಿದ್ರೆ ಅದು ಮೆಸೇಜನ್ನು ಇಟ್ಟುಕೊಂಡೇ ಇರುತ್ತೆ. ವಾಟ್ಸಾಪ್‌ನಲ್ಲಿ ತಲುಪದ ಮೆಸೇಜ್ 30 ದಿನ ಬೀಗ ಹಾಕಿದ ಹಾಗೇ ಸರ್ವರ್‌ನಲ್ಲಿ ಕಾಯುತ್ತೆ, ಆಮೇಲೆ ಅಳಿಸಿ ಹೋಗುತ್ತೆ.

ನಿಮ್ಮ ಲಕೋಟೆ ಮಾತು ಸರಿಯಾಗಿದೆ. ಯಾರಿಂದ, ಯಾರಿಗೆ, ಯಾವಾಗ, ಸುಮಾರು ಎಷ್ಟು ದೊಡ್ಡದು, ಯಾವ ಐಪಿಯಿಂದ. ಇಷ್ಟು ಗೊತ್ತಾಗದೆ ಮಾಮೂಲಿ ಸರ್ವರ್ ಮೆಸೇಜ್ ತಲುಪಿಸೋಕೇ ಆಗಲ್ಲ. ಗ್ರೂಪ್‌ನಲ್ಲಿ ಯಾರ್ಯಾರಿದ್ದಾರೆ ಅಂತಲೂ ಗೊತ್ತಿರಬೇಕು, ಹಂಚಬೇಕಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ನೀವು ಕಾಗದಗಳನ್ನು ನೋಡಿದ್ರಿ, ಬರೆದಿಡಲಿಲ್ಲ.

ಅಂಚೆ_ಅಣ್ಣಯ್ಯ

ಸಾದಾ ಕಾಗದಕ್ಕೆ ಬರೆದಿಡುತ್ತಿರಲಿಲ್ಲ. ರಿಜಿಸ್ಟರ್ ಆದರೆ ಬರೆಯಲೇಬೇಕಿತ್ತು. ನಂಬರ್, ವಿಳಾಸ, ತಾರೀಕು, ಪಡೆದವರ ಸಹಿ. ಪೊಲೀಸರು ಬಂದು ಕೇಳಿದರೆ ಸಿಗುತ್ತಿದ್ದುದು ಅದೇ.

ತುಂಗಾ_ದಡ

ಸಾರ್, ಇಡೀ ಚರ್ಚೆಯ ಗಂಟು ನೀವು ಹೇಳಿದ ಆ ಒಂದು ಮಾತಿನಲ್ಲಿದೆ. ನಾನು ಶಿವಮೊಗ್ಗದಲ್ಲಿ ವಕೀಲೆ. ಕಕ್ಷಿದಾರರು ಬಂದು "ವಾಟ್ಸಾಪ್‌ನಲ್ಲಿ ಎಲ್ಲಾ ಸಿಗುತ್ತೆ ಅಲ್ವಾ ಮೇಡಂ" ಅಂತಾರೆ, ಇಲ್ಲಾ "ಏನೂ ಸಿಗಲ್ಲ ಅಲ್ವಾ" ಅಂತಾರೆ. ಎರಡೂ ತಪ್ಪು. ಕಣ್ಣಿಗೆ ಬೀಳೋದು ಬೇರೆ, ಬರೆದಿಡೋದು ಬೇರೆ, ಕೇಳಿದವರಿಗೆ ಕೊಡೋದು ಬೇರೆ.

ಗಿರ್ಮಿಟ್ ಅವರ ವರದಿಯಲ್ಲಿ "ಯಾರಿಗೆ ಯಾವಾಗ ಮೆಸೇಜ್ ಮಾಡಿದ್ರಿ" ಅನ್ನೋ ಪಟ್ಟಿ ಇತ್ತಾ? ಇರಲಿಲ್ಲ ಅಂದುಕೊಂಡಿದ್ದೀನಿ. ಎಲ್ಲರೂ ಯಾರಿಗೆ ಮೆಸೇಜ್ ಮಾಡ್ತಾರೆ, ಕಾಲ್ ಮಾಡ್ತಾರೆ ಅನ್ನೋ ದಾಖಲೆ ನಾವು ಇಡಲ್ಲ ಅಂತ ವಾಟ್ಸಾಪ್ 2021ರಲ್ಲಿ ಬಹಿರಂಗವಾಗಿಯೇ ಹೇಳಿತ್ತು. ಆದರೆ ಒಬ್ಬರ ಮೇಲೆ ಕೋರ್ಟ್ ಆದೇಶ ಬಂತು ಅಂದ್ರೆ ಅವತ್ತಿನಿಂದ ಆ ನಂಬರಿಗೆ ಬರೆದಿಡೋಕೆ ಶುರು ಮಾಡಬಹುದು. ಅಮೆರಿಕದಲ್ಲಿ ಇದಕ್ಕೆ ಪೆನ್ ರಿಜಿಸ್ಟರ್ ಅಂತಾರೆ. ಎಫ್‌ಬಿಐನ 2021ರ ಒಂದು ಒಳಗಿನ ದಾಖಲೆ ಹೊರಗೆ ಬಂದಿತ್ತು. ಪೆನ್ ರಿಜಿಸ್ಟರ್ ಆದೇಶ ಇದ್ದರೆ ವಾಟ್ಸಾಪ್ ಪ್ರತಿ 15 ನಿಮಿಷಕ್ಕೊಮ್ಮೆ ಯಾರಿಂದ ಯಾರಿಗೆ ಅನ್ನೋದನ್ನು ಕಳಿಸುತ್ತೆ ಅಂತ ಅದರಲ್ಲಿ ಇದೆ. ಒಳಗಿನ ಮಾತು ಇಲ್ಲ.

ಗಿರ್ಮಿಟ್_ಹುಬ್ಳಿ

ಹೌದ್ರಿ ಮೇಡಂ, ಆ ಪಟ್ಟಿ ಇರಲಿಲ್ಲ. ಅದನ್ನೇ ಮೊದಲು ಹುಡುಕಿದ್ದೆ.

ಕೋಡುಬಳೆ_404

ಯಾರಿಂದ ಯಾರಿಗೆ ಅಂತ ಮಾತ್ರ ಗೊತ್ತಾದ್ರೆ ಏನಾಗುತ್ತೆ? ಏನು ಮಾತಾಡಿದ್ರು ಅಂತ ಗೊತ್ತಿಲ್ಲದೆ ಕೇಸ್ ನಿಲ್ಲುತ್ತಾ?

ತುಂಗಾ_ದಡ

ನಿಂತಿದೆ. ನಟಾಲಿ ಮೇಫ್ಲವರ್ ಸೋರ್ಸ್ ಎಡ್ವರ್ಡ್ಸ್ ಅಂತ, ಅಮೆರಿಕದ ಖಜಾನೆ ಇಲಾಖೆಯ ಅಧಿಕಾರಿ. ಬ್ಯಾಂಕುಗಳು ಸರ್ಕಾರಕ್ಕೆ ಕೊಡುವ ಅನುಮಾನಾಸ್ಪದ ವಹಿವಾಟಿನ ಗುಟ್ಟಿನ ವರದಿಗಳನ್ನು ಬಜ್‌ಫೀಡ್ ವರದಿಗಾರರೊಬ್ಬರಿಗೆ ಕೊಟ್ಟರು ಅನ್ನೋ ಆರೋಪ. 2018ರ ಬೇಸಿಗೆಯಲ್ಲಿ ಅವರ ಮೇಲೆ ಪೆನ್ ರಿಜಿಸ್ಟರ್ ಹಾಕಿದರು. ಅದು ಶುರುವಾಗಿ ಆರು ಗಂಟೆ ಕಳೆಯೋದರೊಳಗೆ, ಮಧ್ಯರಾತ್ರಿ ದಾಟಿದ ಮೇಲೆ, ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ಅವರಿಗೂ ಆ ವರದಿಗಾರರಿಗೂ ನಡುವೆ ಸುಮಾರು 70 ಮೆಸೇಜ್ ಓಡಾಡಿದ್ದು ಕಾಣಿಸಿತು. ಒಂದಕ್ಷರವೂ ಆ ದಾರಿಯಲ್ಲಿ ಓದಿಲ್ಲ.

ಇದನ್ನು ಆರೋಪಪತ್ರದಲ್ಲೇ ಬರೆದಿದ್ದಾರೆ. ಅದೊಂದೇ ಸಾಕ್ಷಿ ಅಲ್ಲ, ಅರೆಸ್ಟ್ ಮಾಡುವಾಗ ಅವರ ಹತ್ತಿರ ಪೆನ್‌ಡ್ರೈವ್ ಸಿಕ್ಕಿತ್ತು. ಆದರೆ ಯಾರನ್ನು ಹಿಡಿಯಬೇಕು ಅಂತ ಬೆರಳು ತೋರಿಸಿದ್ದರಲ್ಲಿ ಆ ಲೆಕ್ಕದ ಪಾಲು ದೊಡ್ಡದು. ಅವರು 2020ರಲ್ಲಿ ತಪ್ಪೊಪ್ಪಿಕೊಂಡರು, 2021ರಲ್ಲಿ ಆರು ತಿಂಗಳು ಜೈಲು.

ಬರ್ಲಿನ್_ಭಟ್ಟ

ಅದೇ ನಾನು ಹೇಳೋದು. ಸಿಗ್ನಲ್‌ಗೂ 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯಿಂದ ನೋಟಿಸ್ ಹೋಗಿತ್ತು. ಎರಡು ನಂಬರ್ ಬಗ್ಗೆ ಕೇಳಿದ್ರು. ಒಂದಕ್ಕೆ ಖಾತೆಯೇ ಇರಲಿಲ್ಲ. ಇನ್ನೊಂದಕ್ಕೆ ಅವರು ಕೊಟ್ಟಿದ್ದು ಎರಡೇ ವಿಷಯ. ಖಾತೆ ಯಾವಾಗ ಮಾಡಿದ್ದು, ಕೊನೆ ಸಲ ಯಾವಾಗ ಸರ್ವರ್‌ಗೆ ಬಂದಿದ್ದು. ಕಾಂಟ್ಯಾಕ್ಟ್ ಇಲ್ಲ, ಗ್ರೂಪ್ ಇಲ್ಲ, ಏನೂ ಇಲ್ಲ. ಯಾಕಂದ್ರೆ ಇಟ್ಟಿರಲೇ ಇಲ್ಲ. 2018ರಿಂದ ಕಳಿಸಿದವರ ಹೆಸರನ್ನೂ ಲಕೋಟೆ ಒಳಗೇ ಹಾಕಿ ಮುಚ್ಚುವ ವ್ಯವಸ್ಥೆ ತಂದಿದ್ದಾರೆ. ಸರ್ವರ್‌ಗೆ ಯಾರಿಗೆ ಅಂತ ಗೊತ್ತಾಗುತ್ತೆ, ಯಾರಿಂದ ಅಂತ ಗೊತ್ತಾಗಲ್ಲ.

ಸರ್ವರ್_ಸುಬ್ಬಣ್ಣ

ಭಟ್ರೇ, ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ "ಗೊತ್ತಾಗಲ್ಲ" ಅನ್ನೋದನ್ನು ಸ್ವಲ್ಪ ಸಡಿಲ ಬಿಡಿ. ಕಳಿಸಿದವರ ಹೆಸರು ಒಳಗಿದ್ರೂ ಕಳಿಸಿದ ಫೋನಿನ ಐಪಿ ಸರ್ವರ್ ಬಾಗಿಲಿಗೆ ಬರಲೇಬೇಕು. ಈ ಐಪಿಯಿಂದ ಒಂದು ಮೆಸೇಜ್ ಹೊರಟಿತು, ಎರಡು ಸೆಕೆಂಡಿಗೆ ಆ ಐಪಿಯಿಂದ ಉತ್ತರ ಹೊರಟಿತು. ಇದೇ ಹತ್ತು ಸಲ ಆದ್ರೆ ಕೂತು ನೋಡುವವನಿಗೆ ಜೋಡಿ ಹೊಂದಿಸೋದು ಕಷ್ಟ ಇಲ್ಲ. ಸಿಗ್ನಲ್‌ನವರು ಕೂತು ನೋಡಲ್ಲ ಅಂತಾರೆ, ನಾನೂ ನಂಬ್ತೀನಿ. ಆದ್ರೆ ಅಲ್ಲಿ ನಿಂತಿರೋದು ಗಣಿತ ಮಾತ್ರ ಅಲ್ಲ, ಒಂದು ಮಾತು ಕೂಡ.

ಬರ್ಲಿನ್_ಭಟ್ಟ

ಕೋರ್ಟಲ್ಲಿ ಪರೀಕ್ಷೆ ಆದ ಮಾತು ಅದು ಸ್ವಾಮಿ. ಅದಕ್ಕಿಂತ ಇನ್ನೇನು ಬೇಕು ನಿಮಗೆ?

ಸರ್ವರ್_ಸುಬ್ಬಣ್ಣ

ಅವತ್ತಿನವರೆಗೆ ಬರೆದಿಟ್ಟಿರಲಿಲ್ಲ ಅಂತ ಪರೀಕ್ಷೆ ಆಗಿದೆ. ಅದೂ ದೊಡ್ಡದೇ, ಒಪ್ತೀನಿ.

ಕೋಡುಬಳೆ ಕೇಳಿದ್ದಕ್ಕೆ ಒಂದು ಆಟ ಆಡೋಣ. ಕೆಳಗಿನದ್ದು ನಮ್ಮ ಮನೆತನದಲ್ಲೇ ನಡೆದ ಒಂದು ರಾತ್ರಿ. ಸರ್ವರ್ ಒಂದಕ್ಕೆ ಏನು ಕಾಣಬಹುದಿತ್ತು ಅಂತ ನೆನಪಿನಿಂದ ಬರೆದಿದ್ದೀನಿ. ಒಳಗಿನ ಮಾತು ಇಲ್ಲ. ಏನಾಗಿರಬಹುದು ಹೇಳಿ.

```
23:48  ಅ → ಬ   ಮೆಸೇಜ್, ಚಿಕ್ಕದು   (9 ವರ್ಷದಲ್ಲಿ ಮೊದಲ ಸಲ)
23:49  ಬ → ಅ   ಮೆಸೇಜ್, ಚಿಕ್ಕದು
23:49  ಅ → ಬ   ಕಾಲ್, 6 ನಿಮಿಷ
00:10  ಅ       ಮನೆ ವೈಫೈ ಬಿಟ್ಟು ಮೊಬೈಲ್ ಡೇಟಾ
00:41  ಅ, ಬ    ಇಬ್ಬರೂ ಒಂದೇ ವೈಫೈ ಐಪಿ
05:30  ಅ → ಕ   ಮೆಸೇಜ್, ಉದ್ದ
```

ಅ ಗಂಡಸು. ಬ ಅವನ ಕಾಲೇಜಿನ ಹಳೇ ಗೆಳತಿ. ಕ ಅವನ ಹೆಂಡತಿ, ದಿನಕ್ಕೆ ಇಪ್ಪತ್ತು ಮೆಸೇಜ್ ಓಡಾಡುತ್ತೆ, ಆ ವಾರ ತವರುಮನೆಯಲ್ಲಿದ್ದಳು.

ಕೋಡುಬಳೆ_404

ಇದಕ್ಕೆ ಸರ್ವರ್ ಬೇಕಾ! ಹೆಂಡತಿ ತವರಿಗೆ, ಇವನು ಅಲ್ಲಿಗೆ. ಬೆಳಗ್ಗೆ ಐದೂವರೆಗೆ ಪಶ್ಚಾತ್ತಾಪದ ಉದ್ದ ಮೆಸೇಜ್. ಮುಗೀತು ಸಂಸಾರ.

ಗಿರ್ಮಿಟ್_ಹುಬ್ಳಿ

ನಂಗೂ ಹಂಗ ಅನಿಸ್ತದ. ಆದ್ರ ಬ ಒಂದೇ ನಿಮಿಷಕ್ಕೆ ಉತ್ತರ ಕೊಟ್ಟಾಳ. ರಾತ್ರಿ ಹನ್ನೆರಡಕ್ಕೆ ಎಚ್ಚರ ಇದ್ಲು. ಯಾಕ?

ಅಂಚೆ_ಅಣ್ಣಯ್ಯ

ಒಂಬತ್ತು ವರ್ಷದ ನಂತರ ಮಧ್ಯರಾತ್ರಿ ಬರೆಯುವವನು ಪ್ರೀತಿಗೆ ಬರೆಯುವುದಿಲ್ಲ. ಸಾವು, ಇಲ್ಲವೆ ಕಾಯಿಲೆ. ಟೆಲಿಗ್ರಾಂ ಕೊಟ್ಟು ಅಭ್ಯಾಸ ನನಗೆ.

ಸರ್ವರ್_ಸುಬ್ಬಣ್ಣ

ಅಣ್ಣಯ್ಯ ಸಾರ್ ಗೆದ್ರು. ಅ ಅಂದ್ರೆ ನನ್ನ ತಮ್ಮ. ಅಪ್ಪನಿಗೆ ರಾತ್ರಿ ಎದೆನೋವು ಬಂತು. ಆ ಗೆಳತಿ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನರ್ಸ್, ಅವತ್ತು ನೈಟ್ ಡ್ಯೂಟಿ. 00:41ರ ವೈಫೈ ಆಸ್ಪತ್ರೆಯದು. ಬೆಳಗ್ಗೆ ಅಪ್ಪ ಸ್ಟೆಂಟ್ ಹಾಕಿಸಿಕೊಂಡು ಹೊರಗೆ ಬಂದ ಮೇಲೆ ತಮ್ಮ ಹೆಂಡತಿಗೆ ಬರೆದ. ಅಷ್ಟು ಹೊತ್ತು ಸುಮ್ನೆ ಗಾಬರಿ ಮಾಡೋದು ಬೇಡ ಅಂತ.

ಕೋಡುಬಳೆ, ನಿಮ್ಮನ್ನು ಹಂಗಿಸೋಕೆ ಅಲ್ಲ. ಈ ಲೆಕ್ಕ ಬಹಳ ಹೇಳುತ್ತೆ, ಜೊತೆಗೆ ಸುಳ್ಳನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೆ. ಆ ಐಪಿ ಆಸ್ಪತ್ರೆಯದು ಅನ್ನೋ ಒಂದು ಎಳೆ ಸಿಕ್ಕಿದ್ರೆ ಇಡೀ ಕತೆ ತಿರುಗಿ ಸರಿ ಹೋಗುತ್ತೆ. ಸಿಗದಿದ್ರೆ ನನ್ನ ತಮ್ಮ ಕಳ್ಳ.

ಕೋಡುಬಳೆ_404

ಸಾರಿ ಸುಬ್ಬಣ್ಣ. ಅಪ್ಪ ಹೇಗಿದ್ದಾರೆ ಈಗ?

ಸರ್ವರ್_ಸುಬ್ಬಣ್ಣ

ದಿನಾ ಸಂಜೆ ವಾಕಿಂಗ್ ಅಂತ ಹೋಗಿ ಬೋಂಡಾ ತಿಂದು ಬರ್ತಾರೆ. ಅದು ಸರ್ವರ್‌ಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತು.

ಮಲೆನಾಡ_ಮಳೆ

ಕೇಸ್ ಆಯ್ತು, ಆಟ ಆಯ್ತು. ಕಾಲ್ ಬಗ್ಗೆ ಯಾರೂ ಹೇಳಲಿಲ್ಲ. ವಾಟ್ಸಾಪ್ ಕಾಲ್ ಮಾಡಿದ್ರೆ ಪೊಲೀಸರಿಗೆ ಸಿಡಿಆರ್‌ನಲ್ಲಿ, ಅಂದ್ರೆ ಟೆಲಿಕಾಂನವರ ಕಾಲ್ ಪಟ್ಟಿಯಲ್ಲಿ ಬರಲ್ಲ ಅಂತ ನಮ್ಮೂರಲ್ಲಿ ಎಲ್ಲರೂ ಅದರಲ್ಲೇ ಮಾತಾಡ್ತಾರೆ. ಜಮೀನು ವ್ಯವಹಾರದವರು ಅಂತೂ ಮಾಮೂಲಿ ಕಾಲ್ ಎತ್ತೋದೇ ಇಲ್ಲ.

ತುಂಗಾ_ದಡ

ಸಿಡಿಆರ್‌ನಲ್ಲಿ ಬರಲ್ಲ, ನಿಜ. ಐಪಿಡಿಆರ್ ಅಂತ ಇನ್ನೊಂದಿದೆ, ಅದನ್ನು ಇವರು ಮರೀತಾರೆ. ನಿಮ್ಮ ಸಿಮ್ ಯಾವ ಹೊತ್ತಿಗೆ, ಯಾವ ಐಪಿಗೆ, ಎಷ್ಟು ಹೊತ್ತು ಇಂಟರ್‌ನೆಟ್‌ನಲ್ಲಿ ಸಂಪರ್ಕದಲ್ಲಿತ್ತು ಅನ್ನೋ ದಾಖಲೆ. ಇದು ಇರೋದು ಟೆಲಿಕಾಂ ಕಂಪನಿ ಹತ್ತಿರ, ಮೆಸೇಜಿಂಗ್ ಕಂಪನಿ ಹತ್ತಿರ ಅಲ್ಲ. ಇಂಥ ದಾಖಲೆಗಳನ್ನು ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ಬದಲಿಸಿತು. ಮೊದಲು ಒಂದು ವರ್ಷ ಇತ್ತು.

ಸರ್ವರ್_ಸುಬ್ಬಣ್ಣ

ಅದಕ್ಕೆ ಒಂದು ಸೇರಿಸ್ತೀನಿ. ಮೆಸೇಜ್ ಆದ್ರೆ ನಿಮ್ಮ ಫೋನ್ ಮಾತಾಡೋದು ಸರ್ವರ್ ಜೊತೆ. ಟೆಲಿಕಾಂನವರಿಗೆ ಕಾಣೋದು ಸರ್ವರ್ ಐಪಿ ಮಾತ್ರ, ಅದರಾಚೆ ಯಾರು ಅಂತ ಕಾಣಲ್ಲ. ಇಬ್ಬರ ನಡುವಿನ ಕಾಲ್ ಹಾಗಲ್ಲ. ಧ್ವನಿ ತಡವಾಗಬಾರದು ಅಂತ ಸಾಧ್ಯವಾದ ಕಡೆ ಎರಡು ಫೋನನ್ನೂ ನೇರವಾಗಿ ಜೋಡಿಸುತ್ತೆ. ಆಗ ನಿಮ್ಮ ಐಪಿಡಿಆರ್‌ನಲ್ಲಿ ಎದುರಿನವರ ಐಪಿ ಬಂದು ಕೂರುತ್ತೆ. ಆ ಐಪಿ ಆ ಹೊತ್ತಿಗೆ ಯಾವ ಸಿಮ್‌ಗೆ ಕೊಟ್ಟಿದ್ದು ಅಂತ ಇನ್ನೊಂದು ಟೆಲಿಕಾಂಗೆ ಕೇಳಿದ್ರೆ ಹೆಸರು ಸಿಗಬಹುದು. ಜಮೀನಿನವರಿಗೆ ಹೇಳಿ.

2023ರ ನವೆಂಬರ್‌ನಲ್ಲಿ ವಾಟ್ಸಾಪ್ ಇದಕ್ಕೊಂದು ಸ್ವಿಚ್ ತಂದಿದೆ. `Settings > Privacy > Advanced > Protect IP address in calls`. ಹಾಕಿದ್ರೆ ಕಾಲ್ ಅವರ ಸರ್ವರ್ ಮೂಲಕ ಹೋಗುತ್ತೆ, ಎದುರಿನವರಿಗೆ ನಿಮ್ಮ ಐಪಿ ಸಿಗಲ್ಲ. ಧ್ವನಿ ಸ್ವಲ್ಪ ಕೆಡಬಹುದು. ಮಜಾ ಏನಂದ್ರೆ, ಒಬ್ಬರಿಂದ ಮುಚ್ಚೋಕೆ ಹೋಗಿ ಪೂರ್ತಿ ಕಾಲನ್ನು ಕಂಪನಿ ಕೈಯಲ್ಲೇ ಹಾಯಿಸ್ತೀರಿ. ಮಾತು ಕೇಳೋಲ್ಲ, ಆದ್ರೆ ಎಷ್ಟು ಹೊತ್ತು ಆಯ್ತು ಅನ್ನೋದು ಅವರ ಮೂಗಿನ ಕೆಳಗೇ.

ಮಲೆನಾಡ_ಮಳೆ

ಹೇಳಿದ್ರೆ ನನ್ನನ್ನೇ ಅನುಮಾನದಿಂದ ನೋಡ್ತಾರೆ ಬಿಡಿ.

ಪಿಎಚ್‌ಡಿ_ಪಾರಿಜಾತ

ತಡವಾಗಿ ಬಂದೆ. ಅಣ್ಣಯ್ಯನವರ ಬೂದು ಟಿಕ್ ಬಗ್ಗೆ ಒಂದು. ವಿಯೆನ್ನಾದ ಸಂಶೋಧಕರು 2024ರಲ್ಲಿ ಒಂದು ಪ್ರಬಂಧ ಹೊರತಂದರು. ನಿಮ್ಮ ನಂಬರ್ ಗೊತ್ತಿರುವ ಯಾರೇ ಆದರೂ ನಿಮಗೆ ಗೊತ್ತೇ ಆಗದ ಹಾಗೆ ನಿಮ್ಮ ಫೋನನ್ನು ತಟ್ಟಿ ನೋಡಬಹುದು ಅಂತ ತೋರಿಸಿದರು. ಉದಾಹರಣೆಗೆ, ಇಲ್ಲದೇ ಇರುವ ಮೆಸೇಜ್ ಒಂದಕ್ಕೆ ರಿಯಾಕ್ಷನ್ ಕಳಿಸೋದು. ನಿಮ್ಮ ಪರದೆಯಲ್ಲಿ ಏನೂ ಕಾಣಲ್ಲ, ಆದರೆ ಫೋನ್ "ತಲುಪಿತು" ಅಂತ ಉತ್ತರ ಕೊಡುತ್ತೆ. ಆ ಉತ್ತರ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಅಳೆದರೆ ಪರದೆ ಹತ್ತಿದೆಯಾ, ಆರಿದೆಯಾ ಅಂತ ಅಂದಾಜು ಸಿಗುತ್ತೆ. ವಾಟ್ಸಾಪ್ ಮೇಲೆ ಮಾತ್ರ ಅಲ್ಲ, ಸಿಗ್ನಲ್ ಮೇಲೂ ನಡೆದಿದೆ.

ಬರ್ಲಿನ್_ಭಟ್ಟ

ಇದು ನಂಗೆ ಗೊತ್ತಿರಲಿಲ್ಲ. ಓದ್ತೀನಿ.

ಗಿರ್ಮಿಟ್_ಹುಬ್ಳಿ

ಭಟ್ರು "ಗೊತ್ತಿರಲಿಲ್ಲ" ಅಂದ್ರು! ಇವತ್ತಿನ ತಾರೀಕು ಬರೆದಿಟ್ಕೊಳ್ರಿ.

ತುಂಗಾ_ದಡ

ಒಂದು ಪ್ರಾಕ್ಟಿಕಲ್ ಮಾತು ಹೇಳಿ ಕೋರ್ಟಿಗೆ ಹೊರಡ್ತೀನಿ. ನನ್ನ ಕಡೆ ಬಂದ ಕೌಟುಂಬಿಕ ಕೇಸುಗಳಲ್ಲಿ ಚಾಟ್ ಹೊರಗೆ ಬಂದಿದ್ದು ಒಂದು ಸಲವೂ ಕಂಪನಿಯಿಂದ ಅಲ್ಲ. ಬಿಚ್ಚಿಟ್ಟ ಫೋನಿಂದ, ಎದುರಿನವರು ತೆಗೆದ ಸ್ಕ್ರೀನ್‌ಶಾಟಿಂದ, ಇಲ್ಲಾ ಬ್ಯಾಕಪ್‌ನಿಂದ. ವಾಟ್ಸಾಪ್ ಬ್ಯಾಕಪ್‌ಗೆ ಬೇರೆ ಬೀಗ ಇದೆ, 2021ರಲ್ಲಿ ಬಂತು, ಅದನ್ನು ನೀವೇ ಹೋಗಿ ಹಾಕಬೇಕು. ಹಾಕಿ, ಪಾಸ್‌ವರ್ಡ್ ಮರೆತು, ಹಳೇ ಚಾಟ್ ಎಲ್ಲಾ ಕಳೆದುಕೊಂಡು ನನಗೆ ಬೈಬೇಡಿ.

ಇನ್ನೊಂದು. ಯಾರನ್ನಾದ್ರೂ ರಿಪೋರ್ಟ್ ಮಾಡಿದ್ರೆ ಅವರು ಕಳಿಸಿದ ಕೊನೆಯ ಐದು ಮೆಸೇಜ್ ನಿಮ್ಮ ಫೋನಿಂದಲೇ ವಾಟ್ಸಾಪ್‌ಗೆ ಹೋಗುತ್ತೆ, ಓದೋ ರೂಪದಲ್ಲಿ. ಬೀಗ ಒಡೆದಿಲ್ಲ, ಕೀಲಿ ಇದ್ದವರು ತೆಗೆದುಕೊಟ್ಟಿದ್ದು.

ಕೋಡುಬಳೆ_404

ಓಹೋ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನ ಸೆಕ್ರೆಟರಿಯನ್ನು ನಾನು ಎರಡು ಸಲ ರಿಪೋರ್ಟ್ ಮಾಡಿದ್ದೀನಿ. ಹಾಗಾದ್ರೆ ಅವರ ನೀರಿನ ಟ್ಯಾಂಕರ್ ಕವನ ಯಾರೋ ಕೂತು ಓದಿದ್ದಾರೆ. ಪಾಪ.

ಬೆಣ್ಣೆದೋಸೆ_ಮನೆ

ಎಲ್ಲರಿಗೂ ಧನ್ಯವಾದ. ಓದಿ ಓದಿ ನಿನ್ನೆ ನಿದ್ದೆ ಬರಲಿಲ್ಲ, ಆದ್ರೂ ಸಮಾಧಾನ ಆಯ್ತು.

ಸುಬ್ಬಣ್ಣ ಅವರೇ, ನೋಡಿದೆ. ಫೋಟೋ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಅನುಮತಿ ಇತ್ತು. ಯಾವಾಗ ಕೊಟ್ಟೆನೋ ನೆನಪಿಲ್ಲ. ತೆಗೆದೆ. ಆ್ಯಪ್ ಒಳಗೆ ಹುಡುಕಿದಾಗ ಹಿಂದೆ ಹೋದ ಪಟ್ಟಿಯನ್ನು ಅಳಿಸೋಕೂ ಒಂದು ಬಟನ್ ಸಿಕ್ತು, ಒತ್ತಿದೆ.

ಆಮೇಲೆ ಧೈರ್ಯ ಮಾಡಿ ಕೌನ್ಸೆಲರ್ ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬರುವವರ ನಂಬರ್ ಎಲ್ಲಾ ತಮ್ಮ ಸ್ವಂತ ಫೋನಲ್ಲೇ ಇದೆಯಂತೆ, ಅದೇ ಫೋನಲ್ಲಿ ಆ ಆ್ಯಪ್ ಕೂಡ ಇದೆಯಂತೆ. "ಹಾಗಾದ್ರೆ ನನ್ನ ಹತ್ತಿರ ಬರುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ತೋರಿಸಿರಬಹುದಾ?" ಅಂತ ನನ್ನನ್ನೇ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಸರ್ವರ್_ಸುಬ್ಬಣ್ಣ

ಒಳ್ಳೇ ಪ್ರಶ್ನೆ ಕೇಳಿದ್ದಾರೆ. ಆಗಬಹುದು ಮೇಡಂ. ಒಬ್ಬರ ಪಟ್ಟಿಯಲ್ಲಿ ಇಬ್ಬರೂ ಇದ್ದರೆ "ಇವರಿಗೆ ಅವರ ಪರಿಚಯ ಇರಬಹುದು" ಅಂತ ಲೆಕ್ಕ ಹಾಕೋದು ಸುಲಭ. ಯಾವ ಆ್ಯಪ್ ಎಷ್ಟರ ಮಟ್ಟಿಗೆ ಹಾಗೆ ಮಾಡುತ್ತೆ ಅಂತ ಹೊರಗಿಂದ ಹೇಳೋದು ಕಷ್ಟ. ಅವರು ಕ್ಲಿನಿಕ್‌ಗೆ ಬೇರೆ ಸಿಮ್, ಬೇರೆ ಫೋನ್ ಇಟ್ಟುಕೊಂಡು, ಅದರಲ್ಲಿ ಬೇರೆ ಯಾವ ಆ್ಯಪ್‌ಗೂ ಕಾಂಟ್ಯಾಕ್ಟ್ಸ್ ಕೊಡದೇ ಇದ್ದರೆ ಒಳ್ಳೇದು.

ಬೆಣ್ಣೆದೋಸೆ_ಮನೆ

ಅದನ್ನೇ ಹೇಳಿದೆ. ಈ ವಾರವೇ ಸಿಮ್ ತಗೋತೀನಿ ಅಂದ್ರು.

ಅಂಚೆ_ಅಣ್ಣಯ್ಯ

ಈಗ ಆ ಮುಖ ಬರುವುದು ನಿಂತಿತೇ ತಂಗಿ?

ಬೆಣ್ಣೆದೋಸೆ_ಮನೆ

ಇಲ್ಲ ಅಣ್ಣಯ್ಯ. ಇವತ್ತು ಬೆಳಗ್ಗೆನೂ ಮೊದಲನೇ ಮುಖ ಅವರದೇ. ಪಕ್ಕದಲ್ಲಿ ಈಗ ನಿಜವಾದ ಟೈಲರ್ ಕೂಡ ಬಂದಿದ್ದಾರೆ.